ನಲವತ್ತಕ್ಕೆ ಮೂವತ್ತು ಅಂದ್ರೆ ಏಳೋ, ಆರೋ?

ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ಸ್ಕ್ರೀನ್‌ಶಾಟ್ ಇನ್ನೂ ಇದೆ. ರೀಡಿಂಗ್ 40ಕ್ಕೆ 30, ಬ್ಯಾಂಡ್ 7, ಪಕ್ಕದಲ್ಲೊಂದು ಹಸಿರು ಟಿಕ್. ಅದಾದ ಹತ್ತು ದಿನಕ್ಕೆ ನಿಜವಾದ ಐಇಎಲ್‌ಟಿಎಸ್ ಬರೆದೆ. ರೀಡಿಂಗ್ 6, ರೈಟಿಂಗ್ 6. ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ನಾನು ಇಟ್ಟುಕೊಂಡಿದ್ದ ಗುರಿ ಲಿಸನಿಂಗ್‌ನಲ್ಲಿ 8, ಉಳಿದ ಮೂರರಲ್ಲಿ ತಲಾ 7. ಅಲ್ಲಿ ಮೂವತ್ತು ತುಂಬಿದ ಕೂಡಲೇ ವಯಸ್ಸಿನ ಪಾಯಿಂಟು ಇಳಿಯೋಕೆ ಶುರು. ನನಗೆ ಉಳಿದಿದ್ದು ಐದೇ ತಿಂಗಳು.

ಪರೀಕ್ಷೆ ದಿನ ತಲೆ ಓಡಲಿಲ್ಲ ಅಂತ ಮೊದಲು ನನ್ನನ್ನೇ ಬೈದುಕೊಂಡೆ. ಆಮೇಲೆ ಗೊತ್ತಾಯ್ತು, ನನ್ನ ಓದು ಕೆಟ್ಟಿರಲಿಲ್ಲ, ಅಳೆದ ತಕ್ಕಡಿಯೇ ಬೇರೆ ಇತ್ತು. ಐಇಎಲ್‌ಟಿಎಸ್‌ನಲ್ಲಿ ಎರಡು ಬಗೆ. ಓದೋಕೆ ಹೋಗುವವರಿಗೆ ಸಾಮಾನ್ಯವಾಗಿ ಅಕಾಡೆಮಿಕ್, ವಲಸೆಗೆ ಜನರಲ್ ಟ್ರೈನಿಂಗ್. ಅಕಾಡೆಮಿಕ್ ರೀಡಿಂಗ್‌ನಲ್ಲಿ 30 ಸರಿ ಉತ್ತರಕ್ಕೆ ಸುಮಾರು 7 ಸಿಗುತ್ತದೆ. ಜನರಲ್‌ನ ಪಾಠಗಳು ಸುಲಭ, ಹಾಗಾಗಿ ಅಲ್ಲಿ ಅದೇ 30ಕ್ಕೆ 6; ಏಳು ಬೇಕಾದರೆ 34 ಬೇಕು. ಪ್ರಶ್ನೆಪತ್ರಿಕೆಯಿಂದ ಪ್ರಶ್ನೆಪತ್ರಿಕೆಗೆ ಒಂದೆರಡು ಅಂಕ ಆಚೀಚೆ ಆಗಬಹುದು, ಆದರೆ ಈ ಅಂತರ ಇದ್ದೇ ಇರುತ್ತದೆ. ನಾನು ಬಳಸಿದ ಉಚಿತ ಮಾಕ್ ಟೆಸ್ಟ್ ಎರಡಕ್ಕೂ ಒಂದೇ ಪಟ್ಟಿ ಹಾಕಿತ್ತು. ಈಗ ಯಾವುದೇ ಮಾಕ್ ನೋಡಿದರೂ ನಾನು ಮೊದಲು ಪರೀಕ್ಷಿಸುವುದು ಇದನ್ನೇ.

ಎರಡನೆಯ ಪರೀಕ್ಷೆ 'ನಾಟ್ ಗಿವನ್' ಉತ್ತರಗಳದ್ದು. ಪಾಠದಲ್ಲಿ 'ನೌಕರರು ಒಂಬತ್ತರೊಳಗೆ ಬರಬೇಕು' ಅಂತಿದೆ ಅಂದುಕೊಳ್ಳಿ. ಪ್ರಶ್ನೆ: 'ತಡವಾಗಿ ಬಂದವರಿಗೆ ಸಂಬಳ ಕಡಿತ ಆಗುತ್ತದೆ.' ಪಾಠ ಈ ಬಗ್ಗೆ ಹೌದು ಅಂತಲೂ ಹೇಳಿಲ್ಲ, ಇಲ್ಲ ಅಂತಲೂ ಹೇಳಿಲ್ಲ. ಆದ್ದರಿಂದ ಉತ್ತರ 'ನಾಟ್ ಗಿವನ್'. ಕಳಪೆ ಮಾಕ್‌ಗಳು ಇಂಥದ್ದಕ್ಕೆ 'ಫಾಲ್ಸ್' ಅಂತ ಕೀ ಕೊಡುತ್ತವೆ. ಅದನ್ನು ನಂಬಿ ಅಭ್ಯಾಸ ಮಾಡಿದರೆ ಸರಿಯಾಗಿ ಓದುವವನೂ ತಪ್ಪು ಕಲೀತಾನೆ. 'ಫಾಲ್ಸ್' ಅನ್ನುವ ಪ್ರತಿ ಉತ್ತರಕ್ಕೂ ಪಾಠದೊಳಗೆ ಅದನ್ನು ಅಲ್ಲಗಳೆಯುವ ವಾಕ್ಯ ಬೆರಳಿಟ್ಟು ತೋರಿಸೋಕೆ ಆಗಬೇಕು. ಒಂದು ಟೆಸ್ಟ್‌ನಲ್ಲಿ ಎರಡು ಕಡೆ ಆಗಲಿಲ್ಲ ಅಂದ್ರೆ ಆ ಟೆಸ್ಟ್ ಬಿಟ್ಟುಬಿಡಿ.

ಇನ್ನು ಕೋಚಿಂಗ್. ಆರು ವಾರ ಶನಿವಾರ, ಭಾನುವಾರ ಹೋಗಿದ್ದೆ. ಅಕಾಡೆಮಿಕ್, ಜನರಲ್ ಎಲ್ಲರೂ ಒಂದೇ ಬ್ಯಾಚು. ಪ್ರಬಂಧಕ್ಕೆ ಸಿದ್ಧ ಮಾಡಿದ ಆರಂಭದ ಸಾಲುಗಳನ್ನು ಬಾಯಿಪಾಠ ಮಾಡಿಸುತ್ತಿದ್ದರು.

"ಮೇಡಂ, ರೈಟಿಂಗ್‌ನಲ್ಲಿ 7 ಬರೋಕೆ ನಾನು ಏನು ಸರಿಮಾಡ್ಕೋಬೇಕು?"

"ನಿಮ್ದು ಚೆನ್ನಾಗಿದೆ. ವೊಕ್ಯಾಬುಲರಿ ಸ್ವಲ್ಪ ಇಂಪ್ರೂವ್ ಮಾಡ್ಕೊಳ್ಳಿ."

ಮೂವತ್ತು ಜನರ ಪ್ರಬಂಧ ತಿದ್ದುವವರು ಇನ್ನೇನು ಹೇಳಿಯಾರು? ದುಡ್ಡು ಕೊಟ್ಟು ಕೊಂಡಿದ್ದ ಆನ್‌ಲೈನ್ ಕೋರ್ಸಿನ ವಿಡಿಯೋಗಳು ಪಾಠದಲ್ಲಿ ಇದಕ್ಕಿಂತ ಚೆನ್ನಾಗಿದ್ದವು. ಆದರೆ ವಿಡಿಯೋ ನನ್ನ ಪ್ರಬಂಧ ಓದೋದಿಲ್ಲ.

ಅಲ್ಲಿಗೆ ನನ್ನ ಪ್ರಶ್ನೆಯೇ ಬದಲಾಯಿತು. 'ಕೋಚಿಂಗೋ, ಆನ್‌ಲೈನೋ, ಸ್ವಂತ ಓದೋ' ಅಂತ ಇಡೀ ಪರೀಕ್ಷೆಗೆ ಒಂದೇ ಉತ್ತರ ಹುಡುಕಿದ್ದೇ ತಪ್ಪು. ಲಿಸನಿಂಗ್ ಮತ್ತು ರೀಡಿಂಗ್‌ಗೆ ಕೀ ಇದೆ. ಒಳ್ಳೆ ಪ್ರಶ್ನೆಪತ್ರಿಕೆ, ಗಡಿಯಾರ ಇದ್ದರೆ ಮನೆಯಲ್ಲೇ ಸಾಕು. ರೈಟಿಂಗ್, ಸ್ಪೀಕಿಂಗ್‌ಗೆ ಕೀ ಇಲ್ಲ. ಅಲ್ಲಿ ಬೇಕಾದದ್ದು ನಮ್ಮ ತಪ್ಪನ್ನು ಹೆಸರಿಟ್ಟು ಹೇಳುವ ಮನುಷ್ಯ. ದುಡ್ಡು ಅಲ್ಲಿಗೆ ಹಾಕಬೇಕು.

ಎರಡನೇ ಸಲ ಹಾಗೇ ಮಾಡಿದೆ. ಪರೀಕ್ಷೆ ರೂಪಿಸುವ ಕೇಂಬ್ರಿಜ್‌ನವರದೇ ಅಭ್ಯಾಸ ಪುಸ್ತಕ, ಜನರಲ್ ಟ್ರೈನಿಂಗ್‌ನದ್ದು, ತಗೊಂಡೆ. ಒಂದರಲ್ಲಿ ನಾಲ್ಕು ಟೆಸ್ಟ್. ವಾರಕ್ಕೊಂದು, ಫೋನ್ ಬೇರೆ ಕೋಣೆಯಲ್ಲಿಟ್ಟು, ರೀಡಿಂಗ್‌ಗೆ ಸರಿಯಾಗಿ 60 ನಿಮಿಷ. ಟೆಸ್ಟಿಗಿಂತ ಹೆಚ್ಚು ಹೊತ್ತು ತಪ್ಪಾದ ಉತ್ತರಗಳ ಮೇಲೆ ಕೂತೆ. ರೈಟಿಂಗ್‌ಗೆ ಒಬ್ಬರಿಗೆ ಎಂಟು ಪ್ರಬಂಧಕ್ಕೆ ಫೀಸು ಕೊಟ್ಟೆ. ಒಂದೇ ಷರತ್ತು: ಪರೀಕ್ಷಕರು ನೋಡುವ ನಾಲ್ಕು ಅಂಶಕ್ಕೂ, ಅಂದರೆ ಪ್ರಶ್ನೆಗೆ ಉತ್ತರ, ಜೋಡಣೆ, ಪದಸಂಪತ್ತು, ವ್ಯಾಕರಣ, ಬೇರೆ ಬೇರೆ ಟಿಪ್ಪಣಿ ಬೇಕು. ಮೊದಲ ಪ್ರಬಂಧದಲ್ಲೇ ರೋಗ ಸಿಕ್ಕಿತು. ಎಷ್ಟರ ಮಟ್ಟಿಗೆ ಒಪ್ಪುತ್ತೀರಿ ಅಂತ ಪ್ರಶ್ನೆ ಕೇಳಿತ್ತು. ನಾನು ಎರಡೂ ಕಡೆಯ ವಾದ ಬರೆದು, ನನ್ನ ನಿಲುವು ಎಲ್ಲೂ ಹೇಳಿರಲಿಲ್ಲ. ವೊಕ್ಯಾಬುಲರಿ ಪಾಪ, ಅದರ ತಪ್ಪೇನಿರಲಿಲ್ಲ.

ಕೊನೆಯ ಮೂರು ಟೆಸ್ಟ್‌ಗಳಲ್ಲಿ ರೀಡಿಂಗ್ 33, 35, 35 ಬಂದ ಮೇಲಷ್ಟೇ ತಾರೀಕು ಬುಕ್ ಮಾಡಿದೆ. ರೀಡಿಂಗ್ 7 ಬಂತು, ರೈಟಿಂಗ್ 7 ಬಂತು. ಹುಟ್ಟುಹಬ್ಬಕ್ಕೆ ಹದಿನೇಳು ದಿನ ಬಾಕಿ ಇತ್ತು.