ಪರಿಶೀಲಕರ ಹೆಸರು ಮತ್ತು ಅರ್ಧ ಚಮಚ ಉಪ್ಪು

ಆರೋಗ್ಯ ಲೇಖನಗಳ ನೆತ್ತಿಯಲ್ಲಿ ಪದವಿಸಮೇತ ಅಚ್ಚಾಗುವ 'ವೈದ್ಯಕೀಯವಾಗಿ ಪರಿಶೀಲಿಸಿದವರು' ಎಂಬ ಸಾಲಿಗೆ ಇಂದು ಸಿಕ್ಕಿರುವ ಮನ್ನಣೆ ಅದರ ಯೋಗ್ಯತೆಗಿಂತ ಬಹಳ ದೊಡ್ಡದು. ಲೇಖನದ ಬುಡದಲ್ಲಿರುವ ಹೊಣೆ ನಿರಾಕರಣೆಯ ಟಿಪ್ಪಣಿ, ಅಂದರೆ 'ಇದು ಸಾಮಾನ್ಯ ಮಾಹಿತಿ ಮಾತ್ರ, ವೈದ್ಯರನ್ನು ಸಂಪರ್ಕಿಸಿ' ಎಂಬ ಡಿಸ್‌ಕ್ಲೇಮರ್, ಯಾರೂ ಓದದ ಕಡೆ ಇದೆಯೆಂದು ಬೈಸಿಕೊಳ್ಳುತ್ತದೆ; ಆದರೆ ಪ್ರಕಾಶಕರನ್ನು ಕಾಯುವುದಷ್ಟೇ ಅದರ ಕೆಲಸವಾದ್ದರಿಂದ ಆ ಜಾಗ ಅದಕ್ಕೆ ತಕ್ಕದ್ದೇ ಆಗಿದೆ. ಓದುಗರನ್ನು ಕಾಯಬೇಕಾದ ಮಾತು ಈ ಎರಡು ಜಾಗಗಳಲ್ಲೂ ಇರುವುದಿಲ್ಲ ಎಂಬುದೇ ಇಲ್ಲಿನ ಆಕ್ಷೇಪ.

ಮಕ್ಕಳ ಭೇದಿಯ ಬಗೆಗಿನ ಲೇಖನಗಳಲ್ಲಿ ತಪ್ಪದೆ ಬರುವ ಒಂದು ವಾಕ್ಯವನ್ನು ನೋಡಬಹುದು: 'ಒಂದು ಲೀಟರ್ ಶುದ್ಧ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಕುಡಿಸಿ.' ಮೂಲ ಸೂಚನೆಯಲ್ಲಿರುವುದು ತಲೆ ಸವರಿದ, ಅಂದರೆ ಗೋಪುರವಿಲ್ಲದಂತೆ ಮಟ್ಟ ಮಾಡಿದ ಟೀ ಚಮಚ. ಸಂಪಾದನೆಯಲ್ಲಿ 'ತಲೆ ಸವರಿದ' ಮತ್ತು 'ಟೀ' ಎಂಬ ಮಾತುಗಳು ಉದುರಿದರೆ ವಾಕ್ಯ ಚೊಕ್ಕಟವಾಗುತ್ತದೆ, ಆದರೆ ಊಟದ ಚಮಚದಲ್ಲಿ ಗೋಪುರವಾಗಿ ಅಳೆದ ಉಪ್ಪು ಹಲವು ಪಟ್ಟು ಹೆಚ್ಚಾಗಿ, ಮಗುವಿನ ರಕ್ತದಲ್ಲಿ ಸೋಡಿಯಂ ಅಪಾಯದ ಮಟ್ಟಕ್ಕೆ ಏರಬಹುದು. ದ್ರಾವಣ ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಮತ್ತೆ ಮಾಡಬೇಕೆಂಬ ಹಳೆಯ ಪರೀಕ್ಷೆ ಈ ವಾಕ್ಯದ ಬೆನ್ನಿಗೇ ಬರಬೇಕು. ಕಣ್ಣು ಗುಳಿಬಿದ್ದು ಕುಡಿಯಲೂ ಆಗದಷ್ಟು ಸುಸ್ತಾದ ಅಥವಾ ಮಲದಲ್ಲಿ ರಕ್ತ ಹೋಗುತ್ತಿರುವ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬ ಮಾತು ಅದಕ್ಕೂ ಮೊದಲೇ ಬರಬೇಕು, ಏಕೆಂದರೆ ಅಳತೆ ಸಿಕ್ಕಿದ ಕೂಡಲೇ ತಾಯಿ ಓದು ನಿಲ್ಲಿಸಿ ಅಡುಗೆಮನೆಗೆ ಹೋಗಿರುತ್ತಾಳೆ. ಬುಡದ ಟಿಪ್ಪಣಿಯನ್ನು ಎತ್ತಿ ಕೆಂಪು ಚೌಕಟ್ಟಿನಲ್ಲಿ ತಲೆಗೆ ಇಟ್ಟರೂ ಇದು ಸರಿಹೋಗದು. ಎಲ್ಲ ಲೇಖನಗಳ ಮೇಲೂ ಒಂದೇ ಚೌಕಟ್ಟು ಕಂಡರೆ ಕಣ್ಣು ಅದನ್ನು ದಾಟಿ ಹೋಗುವುದನ್ನು ಕಲಿಯುತ್ತದೆ.

ಪರಿಶೀಲಕರ ಹೆಸರಿನ ಕಥೆ ಇನ್ನೂ ತೊಡಕಿನದು. ಆ ಹೆಸರು ಯಾರು ಓದಿದರೆಂದು ಹೇಳುತ್ತದೆಯೇ ಹೊರತು ಏನನ್ನು ಪರೀಕ್ಷಿಸಿದರೆಂದು ಹೇಳುವುದಿಲ್ಲ. ಜತೆಗಿರುವ ಎರಡು ದಿನಾಂಕಗಳಲ್ಲಿ 'ಪರಿಷ್ಕರಿಸಿದ್ದು' ಎಂಬುದು 'ಪರಿಶೀಲಿಸಿದ್ದು' ಎಂಬುದಕ್ಕಿಂತ ಈಚಿನದಾಗಿದ್ದರೆ, ಆ ನಡುವೆ ಬದಲಾದ ಸಾಲುಗಳಿಗೆ ವೈದ್ಯರ ಸಹಿ ಸಲ್ಲುವುದೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2002ರಲ್ಲಿ ಓಆರ್‌ಎಸ್ ಪುಡಿಯ ಸೂತ್ರವನ್ನು ಬದಲಿಸಿ, ಲೀಟರಿಗೆ 3.5 ಗ್ರಾಂ ಇದ್ದ ಉಪ್ಪನ್ನು 2.6 ಗ್ರಾಮಿಗೂ 20 ಗ್ರಾಂ ಇದ್ದ ಗ್ಲೂಕೋಸನ್ನು 13.5 ಗ್ರಾಮಿಗೂ ಇಳಿಸಿತು. ಹಳೆಯ ಅಂಕಿಗಳನ್ನೇ ಉಳಿಸಿಕೊಂಡ ಲೇಖನದ ಮೇಲೆ ಎಷ್ಟು ದೊಡ್ಡ ಪದವಿಯ ಹೆಸರಿದ್ದರೂ ಅದು ಅಂಕಿಗೆ ಜಾಮೀನಾಗದು.

ಈ ಮನ್ನಣೆಯನ್ನು ಬೆಳೆಸಿದವರಲ್ಲಿ ಪಟ್ಟಿ ಹಿಡಿದು ಅಂಕ ಕೊಡುವ ವಿಮರ್ಶಕರ ಪಾಲು ದೊಡ್ಡದು. ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ 'ಜಾಮಾ' 1997ರಲ್ಲಿ ಮುಂದಿಟ್ಟ ಅಳತೆಗೋಲುಗಳು ನಾಲ್ಕು: ಬರೆದವರ ವಿವರ, ಆಕರಗಳ ಉಲ್ಲೇಖ, ಹಿತಾಸಕ್ತಿಗಳ ಬಹಿರಂಗ, ದಿನಾಂಕ. ಆರಂಭದ ಸೋಸುವಿಕೆಗೆ ಇವು ಸಾಲುತ್ತವೆ ಎಂಬುದನ್ನು ಒಪ್ಪಬೇಕು. ಆದರೆ ಅವನ್ನೇ ಗುಣಮಟ್ಟದ ತೀರ್ಪಾಗಿ ಬಳಸುವ ಅಧ್ಯಯನಗಳು ಒಂದು ಅಂಶ ಪುಟದಲ್ಲಿ ಇದೆಯೇ ಎಂದು ಎಣಿಸುತ್ತವೆ. ಅದು ಎಲ್ಲಿದೆ, ಯಾವ ವಾಕ್ಯಕ್ಕೆ ಅಂಟಿಕೊಂಡಿದೆ ಎಂದು ಕೇಳುವುದಿಲ್ಲ. ಗೋಪುರದ ಚಮಚಕ್ಕೆ ಎಡೆಕೊಟ್ಟ ಲೇಖನವೂ ಈ ಪರೀಕ್ಷೆಯಲ್ಲಿ ನಾಲ್ಕಕ್ಕೆ ನಾಲ್ಕು ಅಂಕ ಪಡೆಯಬಲ್ಲದು, ಮತ್ತು ಆ ಅಂಕವನ್ನು ಪ್ರಮಾಣಪತ್ರದಂತೆ ಉಲ್ಲೇಖಿಸುವ ಪಂಡಿತರಿಗೂ ಕೊರತೆಯಿಲ್ಲ.

ಜಾಗ ತಪ್ಪಿದ ನಿರಾಕರಣೆಯ ಗತಿ ಏನೆಂಬುದಕ್ಕೆ ಭಾರತದಲ್ಲೇ ನಿದರ್ಶನವಿದೆ. ಪಾನೀಯಗಳ ಹೆಸರಿನಲ್ಲಿ 'ಓಆರ್‌ಎಸ್' ಎಂಬುದನ್ನು ಬಳಸಲು ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ ಒಂದು ಷರತ್ತಿನ ಮೇಲೆ ಅವಕಾಶ ಕೊಟ್ಟಿತು: ಇದು ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್ ಅಲ್ಲ ಎಂದು ಲೇಬಲ್ಲಿನಲ್ಲಿ ಬರೆದಿರಬೇಕು. ಹೆಸರು ಒಂದು ಹೇಳಿದ್ದನ್ನು ಟಿಪ್ಪಣಿ ಅಲ್ಲಗಳೆಯುವ ಈ ಏರ್ಪಾಡು ಗ್ರಾಹಕರನ್ನು ದಾರಿತಪ್ಪಿಸುತ್ತದೆಂದು ಮಕ್ಕಳ ವೈದ್ಯರಿಂದ ಆಕ್ಷೇಪ ಬಂದು, 2025ರ ಅಕ್ಟೋಬರಿನಲ್ಲಿ ಪ್ರಾಧಿಕಾರ ಆ ಅವಕಾಶವನ್ನೇ ಹಿಂತೆಗೆದುಕೊಂಡಿತು.

ಹಾಗಾದರೆ ಪರಿಶೀಲಕರ ಹೆಸರನ್ನು ಎಲ್ಲಿಡಬೇಕು? ಅಳತೆಯ ಪಕ್ಕದಲ್ಲಿ, 'ಈ ಪ್ರಮಾಣವನ್ನೂ ಅಪಾಯದ ಲಕ್ಷಣಗಳನ್ನೂ ಇಂಥ ಮಕ್ಕಳ ತಜ್ಞರು ಇಂಥ ದಿನ ನೋಡಿದ್ದಾರೆ' ಎಂಬ ನಿರ್ದಿಷ್ಟ ರೂಪದಲ್ಲಿ. ಹಾಗೆ ಒಂದೊಂದು ಸಾಲಿಗೂ ಸಹಿ ಹಾಕಲು ವೈದ್ಯರು ಹಿಂಜರಿಯುತ್ತಾರೆಂಬ ವಾದವಿದೆ. ಅದು ನಿಜವಾದರೆ ಇಡೀ ಲೇಖನದ ನೆತ್ತಿಯ ಮೇಲೆ ಅದೇ ಹೆಸರನ್ನು ಮೆರೆಸುವ ಹಕ್ಕೂ ಪ್ರಕಾಶಕರಿಗೆ ಉಳಿಯದು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯಂತೆ ಹೆಸರಿನ ಗೊಡವೆಯಿಲ್ಲದೆ, ಕಳೆದ ಪರಿಶೀಲನೆಯ ದಿನವನ್ನೂ ಮುಂದಿನದು ಎಂದು ಆಗಬೇಕೆಂಬುದನ್ನೂ ಪುಟದ ಕೊನೆಯಲ್ಲಿ ಅಚ್ಚುಹಾಕುವುದು ಅದಕ್ಕಿಂತ ಪ್ರಾಮಾಣಿಕವಾದ ಕ್ರಮ.