ಕಿಟಕಿಯ ಮಾತು ಬಿಟ್ಟುಹೋದ ಟಿಕೆಟ್

‘ನೆಟ್ ಸ್ಲೋ ಎಂದು ದೂರು. ರೂಟರ್ ರೀಸ್ಟಾರ್ಟ್ ಮಾಡಿಸಿದೆ. ಸಮಸ್ಯೆ ಬಗೆಹರಿದಿದೆ.’

ಫೈಬರ್ ಬ್ರಾಡ್‌ಬ್ಯಾಂಡ್ ಕಂಪನಿಯೊಂದರ ಕಾಲ್ ಸೆಂಟರಿನಲ್ಲಿ ಕ್ವಾಲಿಟಿ ತಪಾಸಣೆಗೆ ಕೂತಿದ್ದಾಗ ನನ್ನ ಮುಂದೆ ಬಂದ ಟಿಕೆಟ್ ಇದು. 14 ನಿಮಿಷದ ಕರೆಗೆ ಮೂರು ವಾಕ್ಯ. ಸಮಸ್ಯೆ, ಮಾಡಿ ನೋಡಿದ್ದು, ಪರಿಹಾರ ಎಂಬ ಮೂರು ಖಾನೆಗಳೂ ತುಂಬಿದ್ದವು. ಪೂರ್ತಿ ಅಂಕ ಕೊಟ್ಟುಬಿಟ್ಟೆ. ನಾಲ್ಕನೇ ದಿನ ಅದೇ ಮನೆಯಿಂದ ಮತ್ತೆ ಕರೆ ಬಂದಾಗ ಮೊದಲ ಕರೆಯ ಟ್ರಾನ್ಸ್‌ಕ್ರಿಪ್ಟ್ ತೆಗೆದು ಓದಿದೆ. ಕೊಟ್ಟ ಅಂಕಕ್ಕೆ ನಾಚಿಕೆಯಾಯಿತು.

‘ನೆಟ್ ಸ್ಲೋ’ ಎಂದು ಫೋನ್ ಮಾಡಿದಾಕೆ ಹೇಳಿದ್ದು ನಿಜ, ಆದರೆ ಮೊದಲ ನಿಮಿಷದಲ್ಲಿ. ಐದನೇ ನಿಮಿಷದಲ್ಲಿ ಏಜೆಂಟ್ ಕೇಳಿದ್ದಕ್ಕೆ ಪೆಟ್ಟಿಗೆ ನೋಡಿ, ‘ಎಲ್‌ಒಎಸ್ ಅಂತ ಇರೋದು ಕೆಂಪಗೆ ಮಿಣುಕ್ತಿದೆ’ ಅಂದರು. ಇದು ಬೇರೆಯೇ ರೋಗ. ಸ್ಲೋ ಎಂದರೆ ವೈಫೈ ದೂರವಿರಬಹುದು, ಒಂದೇ ಹೊತ್ತಿಗೆ ಹತ್ತು ಮೊಬೈಲು ಅಂಟಿಕೊಂಡಿರಬಹುದು. ಎಲ್‌ಒಎಸ್ ಕೆಂಪಾದರೆ ಫೈಬರಿನಲ್ಲಿ ಬರಬೇಕಾದ ಬೆಳಕೇ ಪೆಟ್ಟಿಗೆಗೆ ಸಾಲುತ್ತಿಲ್ಲ. ಸಮಸ್ಯೆಯ ಖಾನೆಗೆ ಹೋಗಬೇಕಾದದ್ದು ಐದನೇ ನಿಮಿಷದ ಮಾತು, ಹೋದದ್ದು ಮೊದಲನೆಯದು. ಏಜೆಂಟರು ಕರೆ ಶುರುವಾದ ಕೂಡಲೇ ಆ ಖಾನೆ ತುಂಬಿ, ಆಮೇಲೆ ಅದರ ಕಡೆ ತಿರುಗಿ ನೋಡುವುದಿಲ್ಲ.

ಎರಡನೇ ಖಾನೆಯ ಕಥೆ ಇನ್ನೂ ಸ್ವಾರಸ್ಯ. ರೀಸ್ಟಾರ್ಟ್ ಮಾಡಿಸಿದ್ದು ನಿಜ, ಆಮೇಲೆ ನೆಟ್ ಬಂದದ್ದೂ ನಿಜ. ಆದರೆ ಬಾರದ ಬೆಳಕನ್ನು ಪೆಟ್ಟಿಗೆ ಆರಿಸಿ ಹಚ್ಚಿದರೆ ತಂದುಕೊಳ್ಳಲಾಗುತ್ತದೆಯೇ? ಹಾಗಾದರೆ ಮಧ್ಯೆ ಏನಾಯಿತು? ಟ್ರಾನ್ಸ್‌ಕ್ರಿಪ್ಟಿನಲ್ಲಿ ಎಲ್ಲರೂ ಹಾರಿಸಿ ಓದುವ ಸಾಲು ಇದು: ‘ಹಲೋ, ಕೇಳಿಸ್ತಿಲ್ಲ ರೀ… ತಡೀರಿ, ಕಿಟಕಿ ತೆಗೀತೀನಿ, ಇಲ್ಲಿ ಟವರ್ ಸಿಗಲ್ಲ.’ ಕಿಟಕಿ ತೆಗೆದರು, ಸ್ವಿಚ್ ಆರಿಸಿ ಹಾಕಿದರು, ದೀಪ ಹಸಿರಾಯಿತು. ಇನ್ನೂ ಮೇಲೆ ಒಂದು ಮಾತಿದೆ: ‘ಸೊಳ್ಳೆ ಅಂತ ಸಂಜೆ ಎಲ್ಲಾ ಮುಚ್ಚಿ ಕೂತ್ಕೋತೀವಲ್ಲ, ಆಗ್ಲೇ ಇದರ ಕಾಟ ಶುರು.’ ಫೈಬರ್ ಆ ಕಿಟಕಿಯ ಸಂದಿನಿಂದಲೇ ಒಳಗೆ ಬಂದಿರಬಹುದೇ ಎಂದು ಯಾರೂ ಕೇಳಲಿಲ್ಲ. ಗಾಜಿನ ಎಳೆ ಚೌಕಟ್ಟಿಗೆ ಸಿಕ್ಕಿ ಚೂಪಾಗಿ ಬಾಗಿದರೆ ಬೆಳಕು ಆ ಬಾಗಿನಲ್ಲೇ ಸೋರಿಹೋಗುತ್ತದೆ. ಏಜೆಂಟ್ ಇದನ್ನು ಹರಟೆಯೆಂದು ಬಿಟ್ಟ. ಸಂಕ್ಷೇಪಿಸುವವನು ಮೊದಲು ಕತ್ತರಿಸುವುದು ಹರಟೆಯನ್ನೇ, ಅದರಲ್ಲಿ ತಪ್ಪಿಲ್ಲ. ಆದರೆ ‘ಯಾವಾಗಿನಿಂದ’, ‘ಏನು ಮಾಡಿದಾಗ’ ಎಂಬುದಕ್ಕೆ ಉತ್ತರವಾಗುವ ಮಾತು ಎಷ್ಟೇ ಅಡ್ಡಾದಿಡ್ಡಿಯಾಗಿ ಬಂದರೂ ಅದು ಹರಟೆಯಲ್ಲ.

ಟ್ರಾನ್ಸ್‌ಕ್ರಿಪ್ಟನ್ನೇ ನೆಚ್ಚಿ ಕೂರುವ ಹಾಗೂ ಇಲ್ಲ. ‘ಒಂದ್ನಿಮಿಷ ಮೇಡಂ, ಲೈನ್ ಚೆಕ್ ಮಾಡ್ತಿದೀನಿ’ ಎಂದ ಮೇಲೆ ಅದರಲ್ಲಿ ಬರೀ ಮೌನ, ಆಮೇಲೆ ‘ಸಿಗ್ನಲ್ ಬರ್ತಿದೆ’ ಎಂಬ ಮಾತು. ಆ ಮೌನದಲ್ಲಿ ಏಜೆಂಟ್ ತನ್ನ ಪರದೆಯ ಮೇಲೆ ಬೆಳಕಿನ ಮಟ್ಟ ಓದಿದ್ದ: ಮೈನಸ್ 26 ಡಿಬಿಎಂ. ಸಾಮಾನ್ಯ ಜಿಪಾನ್ ಪೆಟ್ಟಿಗೆ ಮೈನಸ್ 27ರ ಆಚೆಗೆ ಏದುಸಿರು ಬಿಡುತ್ತದೆ. ಅಂದರೆ ಕಿಟಕಿ ತೆರೆದಿದ್ದಾಗಲೂ ಲೈನ್ ಅಂಚಿನಲ್ಲೇ ಇತ್ತು. ಬಾಯಿಬಿಟ್ಟು ಹೇಳದ ಆ ಅಂಕಿ ಟ್ರಾನ್ಸ್‌ಕ್ರಿಪ್ಟಿಗೂ ಬರಲಿಲ್ಲ, ಟಿಕೆಟ್ಟಿಗೂ ಬರಲಿಲ್ಲ.

ನನ್ನ ನಿಜವಾದ ತಕರಾರು ಮೂರನೇ ಖಾನೆಯ ಮೇಲೆ. ಅದು ಖಾಲಿಯಿದ್ದರೆ ಟಿಕೆಟ್ ಮುಚ್ಚುವುದಿಲ್ಲ, ಮುಚ್ಚದಿದ್ದರೆ ಟೀಮ್ ಲೀಡರ್ ಬಿಡುವುದಿಲ್ಲ. ಹೀಗಾಗಿ ‘ಸದ್ಯಕ್ಕೆ ಬಂತು’ ಎಂಬುದು ‘ಬಗೆಹರಿದಿದೆ’ ಆಗುತ್ತದೆ. ಈ ಸುಳ್ಳಿಗೆ ಬೆಲೆ ತೆತ್ತವನು ಲೈನ್‌ಮ್ಯಾನ್. ಎರಡನೇ ಕರೆಯ ಮೇಲೆ ಅವನು ಬೆಳಿಗ್ಗೆ 11ಕ್ಕೆ ಹೋದ. ಕಿಟಕಿ ತೆರೆದಿತ್ತು, ದೀಪ ಹಸಿರಾಗಿತ್ತು. ಹಳೇ ನೋಟಿನಲ್ಲಿ ರೀಸ್ಟಾರ್ಟ್ ಎಂದಿದ್ದರಿಂದ ಅಡಾಪ್ಟರ್ ಬದಲಿಸಿ ಬಂದ.

ಮೂರನೇ ಸಲ ಕರೆ ಹೋದದ್ದು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿಗೆ. ಅವಳ ನೋಟು ಹೀಗಿತ್ತು:

‘ಸಮಸ್ಯೆ: ಸಂಜೆ ಕಿಟಕಿ ಮುಚ್ಚಿದ ಮೇಲೆ ನೆಟ್ ಕಟ್, ಎಲ್‌ಒಎಸ್ ಕೆಂಪು (ಗ್ರಾಹಕರ ಮಾತು). ಫೈಬರ್ ಅದೇ ಕಿಟಕಿಯಿಂದ ಒಳಗೆ ಬಂದಿದೆ.
ಮಾಡಿ ನೋಡಿದ್ದು: ಕಿಟಕಿ ಮುಚ್ಚಿದಂತೆಯೇ ಇಟ್ಟು ರೀಸ್ಟಾರ್ಟ್, ಕೆಂಪು ಹೋಗಲಿಲ್ಲ. ತೆರೆಸಿದೆ, ಹಸಿರು, ಮೈನಸ್ 26. ಮತ್ತೆ ಮುಚ್ಚಿಸಿದೆ, ಕೆಂಪು.
ಪರಿಹಾರ: ಆಗಿಲ್ಲ. ಸದ್ಯಕ್ಕೆ ಕಿಟಕಿ ತೆರೆದಿಡಲು ಹೇಳಿದೆ. ವೈರ್ ಬೇರೆ ಕಡೆಯಿಂದ ತರಬೇಕು.’

ರೀಸ್ಟಾರ್ಟ್ ಫಲಿಸಲಿಲ್ಲ ಎಂದು ಬರೆದದ್ದೇ ಇದರಲ್ಲಿ ನನಗೆ ಹೆಚ್ಚು ಹಿಡಿಸಿತು. ಮುಂದಿನವನು ಅದನ್ನೇ ಮತ್ತೆ ಮಾಡಿಸುವುದು ಅಲ್ಲಿಗೆ ತಪ್ಪಿತು. ‘ಗ್ರಾಹಕರ ಮಾತು’ ಯಾವುದು, ತಾನೇ ಮಾಡಿಸಿ ನೋಡಿದ್ದು ಯಾವುದು ಎಂಬುದನ್ನೂ ಬೇರೆಬೇರೆ ಇಟ್ಟಿದ್ದಾಳೆ. ಆ ದಿನ ಟಿಕೆಟ್ ಮುಚ್ಚದೆ ಉಳಿದದ್ದಕ್ಕೆ ಅವಳಿಗೆ ಅಂಕ ಕಡಿತವಾಯಿತು. ಮರುದಿನ ಲೈನ್‌ಮ್ಯಾನ್ ಆ ಮನೆಗೆ ಹೋಗುವಾಗ ಅಡಾಪ್ಟರ್ ಬಿಟ್ಟು ಡ್ರಿಲ್ಲಿಂಗ್ ಮೆಷಿನ್ ಒಯ್ದಿದ್ದ.