ಅಪ್ಪಯ್ಯನ ಅರವತ್ತಕ್ಕೆ ಬರೆದ ಸ್ಕ್ರಿಪ್ಟು

ನಾಟಕಕ್ಕೆ ವಿಮರ್ಶೆ ಬರೀತಾರೆ, ಸಿನಿಮಾಕ್ಕೆ ಬರೀತಾರೆ. ವಾಯ್ಸ್ ನೋಟಿನ ಸ್ಕ್ರಿಪ್ಟಿಗೆ ಯಾರೂ ಬರೆದದ್ದು ನಾನು ಕಂಡಿಲ್ಲ. ಆದ್ದರಿಂದ ನಾನೇ ಬರೆದ ಒಂದು ಕೆಟ್ಟ ಸ್ಕ್ರಿಪ್ಟಿನಿಂದ ಶುರು ಮಾಡ್ತೀನಿ.

ನಾವು ಮೂವರು. ಅಕ್ಕ ಪುಣೆಯಲ್ಲಿ, ನಾನು ಬೆಂಗಳೂರಲ್ಲಿ, ತಮ್ಮ ಹೈದರಾಬಾದಲ್ಲಿ. ಅಪ್ಪಯ್ಯ, ಅಮ್ಮ ಹೆಗ್ಗೋಡಿನ ಹತ್ತಿರ ತೋಟದ ಮನೆಯಲ್ಲಿ. ಅಪ್ಪಯ್ಯನಿಗೆ ಅರವತ್ತು ತುಂಬೋದಿತ್ತು. ಷಷ್ಟ್ಯಬ್ದಿ ಶಾಂತಿ ಮಾಡೋಣ ಅಂದ್ರೆ ಬೇಡ ಅಂದ. ತೋಟಕ್ಕೆ ಎಲೆಚುಕ್ಕಿ ರೋಗ ಬಂದ ಮೇಲೆ ಅವನು ಖರ್ಚಿನ ಮಾತು ಬಂದಾಗೆಲ್ಲ ಹೀಗೇ, ಒಂದೇ ಶಬ್ದದಲ್ಲಿ ಮುಗಿಸ್ತಾನೆ. ಹಾಗಾಗಿ ಮೂವರೂ ಸೇರಿ ವಾಯ್ಸ್ ನೋಟ್ ಕಳಿಸೋದು ಅಂತಾಯ್ತು. ಬರೆಯೋ ಕೆಲಸ ನನಗೆ ಬಂತು.

ನಾನು 412 ಪದ ಬರೆದೆ. ಅಕ್ಕ ಒಬ್ಬಳೇ ಪೂರ್ತಿ ಓದಿ ನೋಡಿದಳು. ನಾಲ್ಕು ನಿಮಿಷ ಹತ್ತು ಸೆಕೆಂಡ್ ಆಯ್ತು. ಓದಿ ಮುಗಿಸಿ ಹೇಳಿದ್ದು ಒಂದೇ ಮಾತು: "ಇದು ಯಾರ ಅಪ್ಪನಿಗೋ ಬರೆದ ಹಾಗಿದೆ ಮಾರಾಯ."

ಅದು ನಿಜ. ಎಲ್ಲಿ ನಿಜ ಅಂತ ಸಾಲು ಸಾಲಾಗಿ ನೋಡಬೇಕು.

ಮೊದಲ ಸಾಲು: "ಇಂದು ಜೂನ್ 1, ನಿಮ್ಮ ಅರವತ್ತನೆಯ ಹುಟ್ಟುಹಬ್ಬ." ಆಧಾರ್ ಕಾರ್ಡಿನ ಪ್ರಕಾರ ಇದು ಸರಿ. ಆದರೆ ಅವನ ಕಾಲದಲ್ಲಿ ಹಳ್ಳಿ ಶಾಲೆಗೆ ಸೇರಿದ ಎಷ್ಟೋ ಜನ ಜೂನ್ ಒಂದಕ್ಕೇ ಹುಟ್ಟಿದವರು. ಮೇಷ್ಟ್ರು ಹೆಸರು ಬರ್ಕೊಳ್ಳುವಾಗ ಹಾಕಿದ ತಾರೀಖು ಅದು. ಅಪ್ಪಯ್ಯ ಹುಟ್ಟಿದ್ದು ವಿಶ್ವಾವಸು ಸಂವತ್ಸರದ ಆಷಾಢದಲ್ಲಿ, ಪುನರ್ವಸು ಮಳೆಯಲ್ಲಿ ಅಂತ ಅಜ್ಜಿ ಹೇಳ್ತಿದ್ದಳು. ಪ್ರಭವದಿಂದ ಅಕ್ಷಯದವರೆಗೆ 60 ಸಂವತ್ಸರ. 1965ರಲ್ಲಿ ಬಂದಿದ್ದ ವಿಶ್ವಾವಸು ಮತ್ತೆ ಬಂದದ್ದು 2025ರ ಯುಗಾದಿಗೆ. ನಮ್ಮ ಕಡೆ ಅರವತ್ತಕ್ಕೆ ಬೆಲೆ ಬಂದದ್ದೇ ಈ ಲೆಕ್ಕದಿಂದ: ಹುಟ್ಟಿದ ಸಂವತ್ಸರ ಒಂದು ಸುತ್ತು ಹಾಕಿ ಎದುರಿಗೆ ಬಂದು ನಿಲ್ಲುತ್ತೆ. ನನ್ನ ಸ್ಕ್ರಿಪ್ಟು ಆ ಅರವತ್ತನ್ನು ಬಿಟ್ಟು ಸ್ಕೂಲ್ ರಿಜಿಸ್ಟರಿನ ಅರವತ್ತನ್ನು ಹಿಡಿದಿತ್ತು. ಅಕ್ಕ ಇದನ್ನು ಹಿಡಿದದ್ದರಿಂದ ನಮಗೆ ಐದು ವಾರ ಹೆಚ್ಚಿಗೆ ಸಿಕ್ತು.

ಎರಡನೆಯದು ಆ "ನಿಮ್ಮ". ನಮ್ಮನೆಯಲ್ಲಿ ಅಪ್ಪಯ್ಯನಿಗೆ ಯಾವತ್ತೂ "ನೀನು". ಬರೆಯೋಕೆ ಕೂತ ಕೂಡ್ಲೇ ಅವನು "ನೀವು" ಆಗಿದ್ದ, ಎರಡನೇ ಪ್ಯಾರಾದಲ್ಲಿ "ಅಪ್ಪಾಜಿ" ಆಗಿದ್ದ. ಮೂರನೇ ಪ್ಯಾರಾಕ್ಕೆ ಬರುವಾಗ ಅವನು ಎದುರಿಗೇ ಇರಲಿಲ್ಲ: "ನಮ್ಮ ತಂದೆಯವರು ಶ್ರಮಜೀವಿ, ಮಿತಭಾಷಿ." ಅರವತ್ತು ತುಂಬಿದವನ ಫೋನಿಗೆ ಕಳಿಸೋ ಮಾತಲ್ಲಿ ಅವನನ್ನೇ ಪ್ರಥಮ ಪುರುಷಕ್ಕೆ ದಾಟಿಸಿದ್ದೆ. ಗೌರವ ಅಂದ್ಕೊಂಡು ಬರೆದದ್ದು ಕೇಳೋಕೆ ನಿವೃತ್ತಿ ಸಮಾರಂಭದ ಸನ್ಮಾನಪತ್ರದ ಹಾಗೆ ಇತ್ತು.

ಮೂರನೆಯದು ಉಪಮೆ. "ನಿಮ್ಮ ತೋಟದಂತೆಯೇ ನಮ್ಮ ಬಾಳೂ ಹಸಿರಾಗಿದೆ." ತೋಟ ಹಸಿರಾಗಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಎಲೆಚುಕ್ಕಿ ಕಂಡವರಿಗೆ ಗೊತ್ತು, ಸೋಗೆಯ ಮೇಲೆ ಕಂದು ಚುಕ್ಕಿ ಬಂದು, ಚುಕ್ಕಿ ಚುಕ್ಕಿ ಕೂಡಿ, ಸೋಗೆ ಒಣಗಿ ಜೋತು ಬೀಳುತ್ತೆ. ದಿನಾ ಬೆಳಿಗ್ಗೆ ಆ ಮರಗಳನ್ನು ತಲೆಯೆತ್ತಿ ನೋಡೋ ಮನುಷ್ಯನಿಗೆ ಬೆಂಗಳೂರಿನಿಂದ ಹಸಿರಿನ ಉಪಮೆ ಕಳಿಸೋದು ಬರೀ ಸವಕಲು ಮಾತಲ್ಲ, ನಾವು ಊರಿನ ಕಡೆ ನೋಡ್ತಿಲ್ಲ ಅನ್ನೋದಕ್ಕೆ ಸಾಕ್ಷಿ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ದೊಡ್ಡ ತಪ್ಪು ಸ್ಕ್ರಿಪ್ಟಿನ ಕಟ್ಟೋಣದಲ್ಲೇ ಇತ್ತು. ಒಬ್ಬ ಬರೆದದ್ದನ್ನು ಮೂರು ಭಾಗ ಮಾಡಿ ಮೂವರು ಓದೋದು ಅಂತ ನಮ್ಮ ಯೋಜನೆ. ಹಾಗೆ ರೆಕಾರ್ಡ್ ಮಾಡಿಯೂ ನೋಡಿದೆವು. ಗಂಟಲು ಮೂರು, ಮಾತಾಡೋನು ಒಬ್ಬನೇ. ತಮ್ಮ ಬಾಯಲ್ಲಿ ಯಾವತ್ತೂ ಬಾರದ "ಆದ್ದರಿಂದ" ಬರ್ತಿತ್ತು. ಅಕ್ಕ ಅಲ್ಪವಿರಾಮ ಇದ್ದಲ್ಲೆಲ್ಲ ನಿಲ್ತಿದ್ದಳು. ಮಾತಾಡೋನು ಉಸಿರಿಗೆ ನಿಲ್ತಾನೆ, ಓದೋನು ಚಿಹ್ನೆಗೆ ನಿಲ್ತಾನೆ. ಕಿವಿಗೆ ಈ ವ್ಯತ್ಯಾಸ ಮೊದಲ ಹತ್ತು ಸೆಕೆಂಡಿನಲ್ಲೇ ಗೊತ್ತಾಗುತ್ತೆ.

ಅದರಲ್ಲೂ ಅಪ್ಪಯ್ಯನ ಕಿವಿಗೆ. 1949ರಲ್ಲಿ ಶುರುವಾದ ನೀನಾಸಂ ಇರೋ ಊರು ನಮ್ಮದು. 1985ರಿಂದ ತಿರುಗಾಟ ಪ್ರತಿವರ್ಷ ಇಲ್ಲಿಂದಲೇ ಹೊರಡುತ್ತೆ. ಅಡಿಕೆ ಸುಲಿದು ಕೈ ತೊಳೆದು ನಾಟಕಕ್ಕೆ ಹೋಗಿ ಕೂರೋ ಜನ ನಟ ಎಲ್ಲಿ ಕಂಠಪಾಠ ಒಪ್ಪಿಸ್ತಿದ್ದಾನೆ, ಎಲ್ಲಿ ಮಾತಾಡ್ತಿದ್ದಾನೆ ಅಂತ ಥಟ್ಟನೆ ಹೇಳ್ತಾರೆ. ಅಂಥವನಿಗೆ ಮಕ್ಕಳೇ ಕಂಠಪಾಠ ಒಪ್ಪಿಸಿದರೆ?

ದಾರಿ ಸಿಕ್ಕಿದ್ದು ನಾಟಕದಿಂದಲ್ಲ, ಅಪ್ಪಯ್ಯ ಅದಕ್ಕಿಂತ ಹೆಚ್ಚು ಕೇಳಿದ ತಾಳಮದ್ದಳೆಯಿಂದ. ನೋಡದವರಿಗೆ ಒಂದು ಮಾತು: ಇದು ವೇಷ, ಕುಣಿತ ಇಲ್ಲದ ಯಕ್ಷಗಾನ. ಮಳೆಗಾಲದಲ್ಲಿ ಮನೆಯ ಜಗಲಿಯಲ್ಲೋ ದೇವಸ್ಥಾನದಲ್ಲೋ ಕೂತು ಮಾಡ್ತಾರೆ. ಭಾಗವತರು ಪ್ರಸಂಗದ ಪದ್ಯ ಹಾಡ್ತಾರೆ, ಎದುರು ಕೂತ ಅರ್ಥಧಾರಿ ಆ ಪದ್ಯದ ಮೇಲೆ ಪಾತ್ರವಾಗಿ ಮಾತಾಡ್ತಾನೆ. ಬರೆದಿರೋದು ಪದ್ಯ ಮಾತ್ರ. ಯಾವ ಪದ್ಯದ ನಂತರ ಯಾವುದು, ಯಾರ ಮಾತು ಮುಗಿದ ಮೇಲೆ ಯಾರದು ಅನ್ನೋದು ಮೊದಲೇ ಗೊತ್ತು. ಅರ್ಥ ಮಾತ್ರ ಅವತ್ತಿನದು, ಆ ಬಾಯಿಯದು. "ವಾಲಿವಧೆ"ಯ ಪದ್ಯಗಳು ಎಲ್ಲರಿಗೂ ಅವೇ. ಆದರೂ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಅಂತ ಜನ ಬೇರೆ ಮಾಡಿ ಹೇಳ್ತಾರೆ. ಇನ್ನೊಂದು ವಿಷಯ, ಅರ್ಥಧಾರಿ ಬರೀ ತನ್ನ ಭಾಗ ಹೇಳಿ ಮುಗಿಸೋ ಹಾಗಿಲ್ಲ. ಎದುರಿನವನು ಎತ್ತಿದ ಪ್ರಶ್ನೆಗೆ ಉತ್ತರ ಕೊಡಬೇಕು.

ನಾನು ಪ್ರಸಂಗ ಬರೆಯೋದು ಬಿಟ್ಟು ಎಲ್ಲರ ಅರ್ಥವನ್ನೂ ಬರೆದಿದ್ದೆ. ತಪ್ಪು ಅಲ್ಲಿತ್ತು.

ಎರಡನೇ ಸ್ಕ್ರಿಪ್ಟು ಒಂದು ಚೀಟಿಯಷ್ಟು. ಅದು ಇಷ್ಟೇ:

ಅಕ್ಕ: ಹೆಸರು ಹೇಳಬೇಡ, ದನಿ ಗೊತ್ತಾಗುತ್ತೆ. ಪುನರ್ವಸು ಮಳೆ, ವಿಶ್ವಾವಸು ಬಂತು ಅನ್ನೋದು. ಮೆಟ್ಟುಗತ್ತಿಯಲ್ಲಿ ಬೆರಳು ಕೊಯ್ಕೊಂಡ ದಿನ. ಕೊನೆಗೆ ನನಗೆ ಒಂದು ಪ್ರಶ್ನೆ.
ನಾನು: ಅಕ್ಕನ ಪ್ರಶ್ನೆಗೆ ಉತ್ತರ. ಮೈಲುತುತ್ತದ ಲೆಕ್ಕ. ತಮ್ಮನನ್ನು ಕೆಣಕೋದು.
ತಮ್ಮ: ಉತ್ತರ. ಕೊನೆಕೊಯ್ಲಿನ ವಿಷಯ. ಅಲ್ಲಿಗೆ ನಿಲ್ಲಿಸು.

ನಿಯಮ ಎರಡೇ. ಒಬ್ಬೊಬ್ಬರಿಗೂ ಒಂದು ನಿಮಿಷದೊಳಗೆ. ಪ್ರತಿಯೊಬ್ಬರೂ ಹೇಳೋದು ಉಳಿದ ಇಬ್ಬರಿಗೆ ಗೊತ್ತಿಲ್ಲದ ಒಂದು ಸಂಗತಿ.

ಎರಡನೇ ನಿಯಮ ಕೆಲಸ ಮಾಡ್ತು. ಅಕ್ಕ ಬೆರಳು ಕೊಯ್ಕೊಂಡಾಗ ಅಪ್ಪಯ್ಯ ಬೈದದ್ದು ನಮಗೆಲ್ಲ ಗೊತ್ತಿತ್ತು. ಅವತ್ತು ರಾತ್ರಿ ಅವನೊಬ್ಬನೇ ಎದ್ದು ಬಂದು ಬಟ್ಟೆ ಬಿಚ್ಚಿ ಗಾಯ ನೋಡಿ ಮತ್ತೆ ಕಟ್ಟಿ ಹೋದದ್ದು ಗೊತ್ತಿರಲಿಲ್ಲ. ಅಕ್ಕ ನಿದ್ದೆ ಬಂದವಳ ಹಾಗೆ ಮಲಗಿದ್ದಳಂತೆ. "ಶ್ರಮಜೀವಿ, ಮಿತಭಾಷಿ" ಅನ್ನೋ ಸಾಲು ಹೇಳೋಕೆ ಹೊರಟು ಸೋತದ್ದನ್ನು ಇದು ಒಂದೂ ವಿಶೇಷಣ ಇಲ್ಲದೆ ಹೇಳ್ತು. ನನ್ನದು ಕೊಳೆರೋಗದ ಔಷಧಿ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೇರೆ ಬೇರೆ ಕರಗಿಸಬೇಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಒಮ್ಮೆ ನಾನು ಉಲ್ಟಾ ಹೊಯ್ದು ಇಡೀ ಡ್ರಮ್ಮು ಹಾಳು ಮಾಡಿದ್ದೆ. ಅವನು ಅಜ್ಜನ ಹತ್ತಿರ ತಾನೇ ಮಾಡಿದ್ದು ಅಂದುಬಿಟ್ಟಿದ್ದ.

ಇನ್ನು ಕಷ್ಟದ ಸಾಲು. ಮೊದಲ ಸ್ಕ್ರಿಪ್ಟು ಮುಗಿಯೋದು ಹೀಗೆ: "ನಾವು ಎಲ್ಲೇ ಇದ್ದರೂ ಸದಾ ನಿಮ್ಮ ಜೊತೆಗಿದ್ದೇವೆ." ಇಂಥ ವಾಯ್ಸ್ ನೋಟುಗಳಲ್ಲಿ ಈ ಸಾಲು ಇಲ್ಲದ್ದು ಬಹಳ ಕಡಿಮೆ. ಪರ ಊರಲ್ಲಿರೋ ಮಕ್ಕಳಿಗೆ ಅದು ಬೇಕು, ಹೇಳಿದ ಮೇಲೆ ಎದೆ ಹಗುರ ಆಗುತ್ತೆ. ಆದರೆ ಕೇಳೋನಿಗೆ? ಜೊತೆಗಿಲ್ಲ ಅನ್ನೋದೇ ಅವನ ದಿನನಿತ್ಯ. ಔಷಧಿ ಹೊಡೆಸೋಕೆ ಜನ ಹುಡುಕೋದು ಅವನೇ, ಕರೆಂಟು ಹೋದರೆ ಲೈನ್‌ಮ್ಯಾನಿಗೆ ಹತ್ತು ಸಲ ಫೋನು ಮಾಡೋದೂ ಅವನೇ. ನಾವಿಲ್ಲದ್ದರಿಂದಲೇ ಬೇಕಾದ ವಾಯ್ಸ್ ನೋಟ್ "ಇದ್ದೇವೆ" ಅಂತ ಮುಗಿದರೆ ಅದಕ್ಕೆ ಅರ್ಥಧಾರಿ ಕೂಡ ಅರ್ಥ ಹೇಳೋಕಾಗಲ್ಲ.

ನಾನು, ಅಕ್ಕ ಇದರ ಮೇಲೆ ಎರಡು ದಿನ ಜಗಳ ಆಡಿದೆವು. ಸಂತೋಷದ ದಿನ ಕಹಿ ಬೇಡ ಅಂತ ಅವಳು. ಸುಳ್ಳು ಬೇಡ ಅಂತ ನಾನು. ತಮ್ಮ ಎರಡೂ ಕಡೆ ಸೇರಲಿಲ್ಲ. ರೆಕಾರ್ಡ್ ಮಾಡುವಾಗ ಮನೆಮಾತಿನಲ್ಲೇ ಹೇಳಿಬಿಟ್ಟ: "ಕೊನೆಕೊಯ್ಲಿಗೆ ಆನು ಬತ್ತಿ. ನಾಲ್ಕು ದಿನ ರಜೆ ಹಾಕಿದ್ದಿ." ಭಾವನೆಯ ಸಾಲು ಇರಬೇಕಾದ ಜಾಗದಲ್ಲಿ ತಾರೀಖು ಇರೋ ಸಾಲು. ಅದನ್ನು ಬರೆಯೋಕೆ ನನಗೆ ಬರ್ತಿರಲಿಲ್ಲ, ಯಾಕಂದ್ರೆ ರಜೆ ಹಾಕಿದ್ದು ನಾನಲ್ಲ.

ಕಳಿಸುವಲ್ಲಿ ಒಂದು ಎಡವಟ್ಟು ಆಗೋದಿತ್ತು. ಮನೆಯ ಗ್ರೂಪಿಗೆ ಮೂವರೂ ಹಾಕೋಣ ಅಂದ್ಕೊಂಡಿದ್ದೆವು. ವಾಟ್ಸಾಪ್‌ನಲ್ಲಿ ಒಂದರ ಹಿಂದೆ ಒಂದಿರೋ ವಾಯ್ಸ್ ನೋಟುಗಳು ತಾವಾಗಿಯೇ ಸಾಲಾಗಿ ಕೇಳಿಸ್ತವೆ. ಆದರೆ ನಡುವೆ ಯಾರಾದರೂ ಕೇಕಿನ ಚಿತ್ರ ಹಾಕಿದರೆ ಸಾಲು ಮುರೀತದೆ, ಅಕ್ಕನ ಪ್ರಶ್ನೆ ಅಲ್ಲೇ ನಿಲ್ಲುತ್ತೆ. ಹಾಗಾಗಿ ಮೂರನ್ನೂ ಅಕ್ಕ ತರಿಸಿಕೊಂಡು, ಅನುಕ್ರಮ ನೋಡಿ, ಅವನ ನಂಬರಿಗೇ ಫಾರ್ವರ್ಡ್ ಮಾಡಿದಳು.

ಎರಡನೇ ಸ್ಕ್ರಿಪ್ಟಿಗೂ ಒಂದು ದೋಷ ಉಳೀತು, ಅದು ಅಮ್ಮನಿಂದ ಗೊತ್ತಾಯ್ತು. ಅಪ್ಪಯ್ಯ, ಅಮ್ಮ ಇಬ್ಬರೂ ಕೂತು ಸ್ಪೀಕರಿನಲ್ಲಿ ಕೇಳ್ತಾರೆ ಅಂತ ನಾವು ಅಂದ್ಕೊಂಡಿದ್ದೆವು. ನಮ್ಮನೆಯಲ್ಲಿ ನೆಟ್‌ವರ್ಕ್ ಸಿಗೋದು ಅಂಗಳದ ಮೂಲೆಯಲ್ಲಿ. ಅವನು ಕೊಡೆ ಹಿಡ್ಕೊಂಡು ಅಲ್ಲಿ ನಿಂತು, ಮಳೆ ಸದ್ದಿಗೆ ಕೇಳಿಸ್ತಿಲ್ಲ ಅಂತ ಫೋನನ್ನು ಕಿವಿಗೆ ಹಿಡಿದನಂತೆ. ಕಿವಿಗೆ ಹಿಡಿದರೆ ದನಿ ಸ್ಪೀಕರ್ ಬಿಟ್ಟು ಒಳಗಿನಿಂದ ಬರುತ್ತೆ, ಕರೆಯ ಹಾಗೆ. ಅಮ್ಮನಿಗೆ ಏನೂ ಕೇಳಿಸಲಿಲ್ಲ. ಅವಳಿಗೆ ಅಂತ ಚೀಟಿಯಲ್ಲಿ ಒಂದು ಸಾಲೂ ಇರಲಿಲ್ಲ. "ಎಂತ ಹೇಳಿದ್ರು ಮಕ್ಕಳು?" ಅಂತ ಕೇಳಿದ್ದಕ್ಕೆ ಅವನು "ಅಡ್ಡಿಲ್ಲೆ" ಅಂದನಂತೆ. ನಮ್ಮ ಕಡೆಯವರಿಗೆ ಗೊತ್ತು, ಅದಕ್ಕಿಂತ ದೊಡ್ಡ ಹೊಗಳಿಕೆ ಅವನ ಬಾಯಲ್ಲಿ ಇಲ್ಲ. ಆಮೇಲೆ ಬೆರಳಿನ ಕತೆ ಮಾತ್ರ ಅವಳಿಗೆ ಹೇಳಿದ್ದಾನೆ. ಮೈಲುತುತ್ತದ್ದು ಹೇಳಿಲ್ಲ.

ತಮ್ಮನ ಸಾಲಿನ ವಿಮರ್ಶೆ ನಾನು ಬರೆಯಲ್ಲ. ಅದು ಕೊನೆಗೌಡ ಮರ ಹತ್ತೋ ದಿನ, ಅಂಗಳದಲ್ಲಿ ಆಗುತ್ತೆ. ಬಸ್ಸಿನ ಟಿಕೆಟ್ಟು ಬುಕ್ ಮಾಡಿದೆಯಾ ಅಂತ ನಿನ್ನೆ ಕೇಳಿದೆ. ಎರಡು ಸೀಟು ಮಾಡ್ತಾ ಇದ್ದೀನಿ, ನೀನು ಬರ್ತೀಯಾ ಅಂದ.